ಮನಸ್ಸಲ್ಲಿ ಎಂಟು, ಕೈಯಲ್ಲಿ ಐದು

ಮಗುವಿಗೆ ಲೆಕ್ಕ ಬರಲ್ಲ ಅಂತ ಯಾರಾದರೂ ಕರೆದುಕೊಂಡು ಬಂದರೆ ನಾನು ಮೊದಲು ಕೇಳುವುದು ಎಂಟಕ್ಕೆ ಐದು ಕೂಡಿಸಿದರೆ ಎಷ್ಟು ಅಂತ. ಮಗು ನನ್ನ ಮುಖ ನೋಡುತ್ತದೆ. ಹಿಂದೆ ಕೂತ ಅಪ್ಪನಿಗೆ ತಡೆಯಲಾಗುವುದಿಲ್ಲ. "ಮನಸ್ಸಲ್ಲಿ ಎಂಟು ಇಟ್ಕೋ, ಕೈಯಲ್ಲಿ ಐದು" ಅಂತ ಪಿಸುಗುಟ್ಟುತ್ತಾರೆ. ಹದಿನಾರು ವರ್ಷದಿಂದ ಈ ಪಿಸುಮಾತು ಕೇಳುತ್ತಿದ್ದೇನೆ. ನನ್ನ ಅಪ್ಪನೂ ನನಗೆ ಹಾಗೇ ಹೇಳಿಕೊಟ್ಟಿದ್ದರು, ಆ ಮಾತು ಬೇರೆ.

ಹೋದ ವರ್ಷ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಎಂಟು ಮತ್ತು ಐದು ಹನ್ನೆರಡು ಅಂದಳು. ಹದಿಮೂರರಲ್ಲಿ ಐದು ಕಳೆದರೆ ಒಂಬತ್ತು ಅಂದಳು. "ಬರತ್ತೆ ಮೇಡಂ, ಗಮನ ಇಲ್ಲ ಅಷ್ಟೇ" ಅಂದರು ಅಪ್ಪ. ನಾನು ಅವಳ ತುಟಿ ನೋಡುತ್ತಿದ್ದೆ. ತಲೆ ಮುಟ್ಟಿಕೊಂಡು "ಎಂಟು" ಅಂದವಳು, ಮೊದಲ ಬೆರಳು ಬಿಡಿಸುವಾಗಲೂ "ಎಂಟು" ಎಂದೇ ಶುರು ಮಾಡಿದಳು. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಐದು ಬೆರಳು ಮುಗಿಯಿತು. ಕಳೆಯುವಾಗಲೂ ಅದೇ: ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು, ಒಂಬತ್ತು.

ಕೂಡಿಸಿದಾಗ ಒಂದು ಕಡಿಮೆ, ಕಳೆದಾಗ ಒಂದು ಜಾಸ್ತಿ ಬರುತ್ತಿದ್ದರೆ ಅದು ಬಹುಮಟ್ಟಿಗೆ ಗಮನದ ದೋಷ ಅಲ್ಲ. ಹೊರಟ ಸಂಖ್ಯೆಯನ್ನೇ ಮೊದಲ ಹೆಜ್ಜೆ ಅಂತ ಮಗು ಎಣಿಸುತ್ತಿದೆ. ಒಂಬತ್ತಕ್ಕೆ ನಾಲ್ಕು, ಏಳಕ್ಕೆ ಆರು ಕೊಟ್ಟು ನೋಡಿ. ಎರಡಕ್ಕೂ ಹನ್ನೆರಡು ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಬೈದರೆ ಇದು ಸರಿಹೋಗಲ್ಲ. ಹೆಜ್ಜೆ ಸರಿಮಾಡಿಸಿದರೆ ಉತ್ತರವೇನೋ ಸರಿ ಬರುತ್ತದೆ. ಆದರೆ ಮಗು ಒಂದೊಂದೇ ಎಣಿಸುವ ದಾರಿಯಲ್ಲೇ ಉಳಿಯುತ್ತದೆ.

"ಟೆನ್ ಫ್ರೇಮ್ ಕೂಡ ಮಾಡ್ಸಿದೀವಿ ಮೇಡಂ" ಅಂದರು ಅಪ್ಪ, ನಾನು ಕೇಳುವ ಮೊದಲೇ. ಟೆನ್ ಫ್ರೇಮ್ ಅಂದರೆ ಐದೈದರ ಎರಡು ಸಾಲಿರುವ, ಹತ್ತು ಮನೆಯ ಚೌಕ. ಎಲ್ಲರೂ ಮಾಡಿಸಿರುತ್ತಾರೆ. ಫೋನಿನಲ್ಲಿ ಆಟ ಇರುತ್ತದೆ, ಪ್ರಿಂಟ್ ತೆಗೆದ ಹಾಳೆ ಇರುತ್ತದೆ. ಹುಡುಗಿಯ ಮುಂದೆ ನನ್ನ ಹಾಳೆ ಇಟ್ಟೆ. ಎಂಟು ಬಟನ್ನು ಎಲ್ಲೆಂದರಲ್ಲಿ ಇಟ್ಟಳು, ಇನ್ನೊಂದು ಹಾಳೆಯಲ್ಲಿ ಐದು ಇಟ್ಟಳು, ಆಮೇಲೆ ಒಂದರಿಂದ ಹದಿಮೂರರವರೆಗೆ ಬೆರಳಿಟ್ಟು ಎಣಿಸಿದಳು. ಉತ್ತರ ಸರಿ. ಅಪ್ಪನಿಗೆ ಖುಷಿ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನೆಲದ ಮೇಲೆ ಹದಿಮೂರು ಬಟನ್ನು ಚೆಲ್ಲಿ ಎಣಿಸಿದ್ದರೂ ಅಷ್ಟೇ ಆಗುತ್ತಿತ್ತಲ್ವಾ? ಆ ಹಾಳೆಗೆ ಏನು ಕೆಲಸ?

ಅದರ ಕೆಲಸ ಇರುವುದು ಖಾಲಿ ಮನೆಗಳಲ್ಲಿ. ಈ ಅಂಕಣದಲ್ಲಿ ಇದೊಂದನ್ನು ಹಿಡಿದುಕೊಂಡರೆ ಸಾಕು.

ಮೇಲೆ ಐದು ಮನೆ, ಕೆಳಗೆ ಐದು ಮನೆ. ಮೊದಲು ಮೇಲಿನ ಸಾಲನ್ನು ಎಡದಿಂದ ತುಂಬಬೇಕು, ಅದು ತುಂಬಿದ ಮೇಲೆ ಕೆಳಗಿನದು. ಈ ಕ್ರಮ ಬಿಟ್ಟರೆ ಆಟ ಕೆಟ್ಟಿತು. ನಮ್ಮ ಕಣ್ಣು ಮೂರು ನಾಲ್ಕು ವಸ್ತುಗಳನ್ನು ಎಣಿಸದೆ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚಾದರೆ ಗುಂಪು ಮಾಡಬೇಕು ಇಲ್ಲವೇ ಎಣಿಸಬೇಕು. ಚೆಲ್ಲಿದ ಎಂಟು ಬೀಜ ನಿಮಗೂ ಒಂದೇ ನೋಟಕ್ಕೆ ಎಂಟಾಗಿ ಕಾಣುವುದಿಲ್ಲ. ಚೌಕದಲ್ಲಿ ಕಾಣುತ್ತದೆ: ಮೇಲಿನ ಸಾಲು ಪೂರ್ತಿ, ಕೆಳಗೆ ಮೂರು, ಎರಡು ಖಾಲಿ. ಎಂಟು ಅಂದರೆ ಐದರ ಮೇಲೆ ಮೂರು, ಹತ್ತಕ್ಕೆ ಎರಡು ಕಡಿಮೆ. ಈ ಎರಡನೇ ಮಾತು ಮಗುವಿನ ಬಾಯಲ್ಲಿ ತಾನಾಗಿ ಬರುವವರೆಗೆ ಹತ್ತು ದಾಟುವ ಲೆಕ್ಕಕ್ಕೆ ನಾನು ಕೈ ಹಾಕುವುದಿಲ್ಲ.

ಸಾಮಾನಿಗೆ ದುಡ್ಡು ಹಾಕಬೇಡಿ. ಅಂಗಡಿಯಲ್ಲಿ ಮೂವತ್ತು ಮೊಟ್ಟೆಯ ರಟ್ಟಿನ ಟ್ರೇ ಸಿಗುತ್ತದೆ. ಒಂದು ಕಡೆ ಐದು ಗುಂಡಿ, ಇನ್ನೊಂದು ಕಡೆ ಆರು. ಅಡ್ಡಕ್ಕೆ ಎರಡೆರಡು ಸಾಲಾಗಿ ಕತ್ತರಿಸಿ, ಮೂರು ಚೌಕ ಸಿಗುತ್ತವೆ. ಗುಂಡಿಗೆ ಬಾಟಲಿ ಮುಚ್ಚಳ ಹಾಕಿ. ಇನ್ನೊಂದು ಸಾಮಾನು ಅಜ್ಜಿಯಂದಿರಿಗೆ ಗೊತ್ತು. ಚೌಕಾಬಾರಕ್ಕೆ ಹುಣಸೆ ಬೀಜವನ್ನು ನೆಲಕ್ಕೆ ಉಜ್ಜಿ ಒಂದು ಬದಿ ಬಿಳಿ ಮಾಡುತ್ತಿದ್ದರಲ್ಲ, ಅಂಥ ಹತ್ತು ಬೀಜ ಬೇಕು. ಅದಕ್ಕೆ ರಟ್ಟಿನ ಮೇಲೆ ಗೆರೆ ಎಳೆದ ಚೌಕ ಸಾಕು. ಆದರೆ ಎಲ್‌ಕೆಜಿ ಮಕ್ಕಳ ಜೊತೆ ಹುಷಾರು. ಹುಣಸೆ ಬೀಜ ಮೂಗಿನೊಳಗೆ ಹೋದ ಕಥೆ ನನ್ನ ಕಣ್ಣೆದುರೇ ನಡೆದಿದೆ. ಆಟ ಮುಗಿದ ಕೂಡಲೇ ಬೀಜಗಳನ್ನು ಲೆಕ್ಕ ಮಾಡಿ ಡಬ್ಬಿಗೆ ಹಾಕಿ. ಈ ಎಣಿಕೆಗೆ ನನ್ನ ತಕರಾರಿಲ್ಲ.

ಆ ಹುಡುಗಿಯ ಜೊತೆ ಮೊದಲ ಎರಡು ವಾರ ಕೂಡುವುದು ಕಳೆಯುವುದು ಎಂಬ ಮಾತೇ ಎತ್ತಲಿಲ್ಲ. ಒಂದು ಆಟ ಕಣ್ಣುಮಿಟುಕು. ಚೌಕದಲ್ಲಿ ಏಳು ಮುಚ್ಚಳ ಇಟ್ಟು ಬಟ್ಟೆ ಹೊದಿಸುತ್ತೇನೆ. ಎರಡು ಸೆಕೆಂಡು ತೆಗೆದು ಮತ್ತೆ ಮುಚ್ಚುತ್ತೇನೆ. ಎಷ್ಟಿತ್ತು ಅನ್ನುವುದಕ್ಕಿಂತ "ಹೇಗೆ ಗೊತ್ತಾಯ್ತು?" ಅನ್ನುವುದೇ ನನಗೆ ಮುಖ್ಯ. ಬಟ್ಟೆ ತೆಗೆದಿಡುವ ಸಮಯ ಜಾಸ್ತಿಯಾದರೆ ಮಗು ಎಣಿಸುತ್ತದೆ, ತೀರಾ ಕಡಿಮೆಯಾದರೆ ಊಹಿಸುತ್ತದೆ. ಮೊದಲ ದಿನ ಅವಳು ಗಾಳಿಯಲ್ಲಿ ಬೆರಳಾಡಿಸಿ ನೆನಪಿನ ಚಿತ್ರವನ್ನೇ ಎಣಿಸಲು ನೋಡಿದಳು. ನಾಲ್ಕನೇ ದಿನ "ಮೂರು ಖಾಲಿ ಇತ್ತು" ಅಂದಳು. ಆವತ್ತು ನಾನು ಅವಳಿಗಿಂತ ಜಾಸ್ತಿ ಕುಣಿದೆ.

ಇನ್ನೊಂದು ಆಟಕ್ಕೆ ಹುಣಸೆ ಬೀಜ. ಹತ್ತನ್ನೂ ಕುಲುಕಿ ಎಸೆಯುವುದು. ಬಿಳಿ ಬಿದ್ದವನ್ನು ಮೊದಲು ಚೌಕಕ್ಕೆ ಜೋಡಿಸಿ, ಕಪ್ಪು ಎಷ್ಟಿವೆ ಅಂತ ನೋಡದೆ ಹೇಳಬೇಕು. ಆರು ಬಿಳಿ, ಹಾಗಾದರೆ ನಾಲ್ಕು ಕಪ್ಪು. ಉಳಿದ ಮನೆಗೆ ಕಪ್ಪು ತುಂಬಿದರೆ ತಾನು ಹೇಳಿದ್ದು ಸರಿಯೋ ತಪ್ಪೋ ಅವಳಿಗೇ ಕಾಣುತ್ತದೆ. ದೊಡ್ಡವರು ಬಾಯಿ ಹಾಕಬೇಕಾಗಿಲ್ಲ. ಬಾಯಿ ಹಾಕದೆ ಇರುವುದು ಅಪ್ಪನಿಗೆ ಕಷ್ಟವಾಗಿ, ಎರಡನೇ ವಾರದಿಂದ ಅವರನ್ನು ಹೊರಗಿನ ಕೋಣೆಯಲ್ಲಿ ಕೂರಿಸಿದೆ.

ಮೂರನೇ ವಾರ ಎರಡು ಟ್ರೇ ಪಕ್ಕಪಕ್ಕ ಇಟ್ಟೆವು. ಒಂದರಲ್ಲಿ ಎಂಟು ಕೆಂಪು ಮುಚ್ಚಳ, ಇನ್ನೊಂದರಲ್ಲಿ ಐದು ನೀಲಿ. ಆಟದ ನಿಯಮ ಒಂದೇ: ಎಣಿಸುವ ಹಾಗಿಲ್ಲ, ಒಂದು ಟ್ರೇ ತುಂಬಿಸಬೇಕು. ಅವಳು ಎಂಟರ ಟ್ರೇ ನೋಡಿದಳು, ಎರಡು ಖಾಲಿ. ನೀಲಿಯಲ್ಲಿ ಎರಡು ಎತ್ತಿ ಅಲ್ಲಿ ಹಾಕಿದಳು. ಒಂದು ತುಂಬಿತು, ಇನ್ನೊಂದರಲ್ಲಿ ಮೂರು ಉಳಿಯಿತು. "ಹತ್ತು, ಮೂರು... ಥರ್ಟೀನಾ?" ಅಂತ ಅನುಮಾನದಿಂದ ನೋಡಿದಳು. "ಕನ್ನಡದಲ್ಲಿ ಹೇಳು" ಅಂದೆ. "ಹದಿಮೂರು." ಹದಿ ಅಂದರೆ ಹತ್ತೇ ಅಂತ ತೋರಿಸಿದಾಗ ಕಣ್ಣರಳಿಸಿದಳು. ಇಂಗ್ಲಿಷಿನ ಥರ್ಟೀನಿನಲ್ಲಿ ಮೂರರ ದನಿ ಮೊದಲು ಬರುತ್ತದೆ, ಹಾಗಾಗಿ ಕೆಲವು ಮಕ್ಕಳು ಅದನ್ನು 31 ಅಂತಲೂ ಬರೆಯುತ್ತಾರೆ. ನಮ್ಮ ಹೆಸರಲ್ಲಿ ತುಂಬಿದ ಟ್ರೇ ಮೊದಲು, ಉಳಿಕೆ ಆಮೇಲೆ. ಹದಿನಾಲ್ಕು, ಹದಿನೈದು, ಕೊನೆಗೆ ಹತ್ತೊಂಬತ್ತು ಕೂಡ. ಇಂಗ್ಲಿಷ್ ಮೀಡಿಯಂ ಮಗುವಾದರೂ ಈ ಆಟ ಕನ್ನಡದಲ್ಲಿ ಆಡಿಸಿ ಅಂತ ನಾನು ಹೇಳುವುದು ಅದಕ್ಕೇ. ಭಾಷಾಭಿಮಾನ ಇದ್ದೇ ಇದೆ, ಅದು ಬೇರೆ.

ಎಲ್ಲರೂ ಎಡವುವ ಜಾಗ ಇಲ್ಲೇ. ಎರಡು ಮುಚ್ಚಳ ಎತ್ತಿದ ಮೇಲೆ ಐದರಲ್ಲಿ ಮೂರು ಉಳಿಯಿತು ಅನ್ನುವುದು ಮಗುವಿಗೆ ಥಟ್ಟನೆ ಗೊತ್ತಿರಬೇಕು. ಐದನ್ನು ಒಡೆಯಲು ಬಾರದ ಮಗು ಇಲ್ಲಿ ಮತ್ತೆ ಎಣಿಕೆಗೆ ಇಳಿಯುತ್ತದೆ. ಆಗ ಮುಂದೆ ತಳ್ಳಬೇಡಿ. ಬೀಜದ ಆಟಕ್ಕೇ ವಾಪಸ್ ಹೋಗಿ, ಹತ್ತರ ಬದಲು ಐದೇ ಬೀಜ ಎಸೆಯಿರಿ.

ಕಳೆಯುವುದಕ್ಕೆ ಅದೇ ಹದಿಮೂರು. ತುಂಬಿದ ಟ್ರೇ ಒಂದು, ಮೂರು ಇರುವ ಟ್ರೇ ಇನ್ನೊಂದು. ಐದು ತೆಗಿ ಅಂದರೆ ಕೆಲವು ಮಕ್ಕಳು ಬಿಡಿ ಮೂರನ್ನು ತೆಗೆದು, ತುಂಬಿದ ಟ್ರೇಗೆ ಕೈ ಹಾಕಿ ಇನ್ನೆರಡು ತೆಗೆಯುತ್ತಾರೆ. ಎರಡು ಖಾಲಿ ಕಂಡಿತು, ಉತ್ತರ ಎಂಟು. ಈ ಹುಡುಗಿ ಹಾಗೆ ಮಾಡಲಿಲ್ಲ. ತುಂಬಿದ ಟ್ರೇಯ ಒಂದು ಸಾಲನ್ನು ಪೂರ್ತಿ ಬಾಚಿ ತೆಗೆದಳು. ಉಳಿದದ್ದು ಅಲ್ಲಿ ಐದು, ಇಲ್ಲಿ ಮೂರು. ಅದೂ ಎಂಟೇ. ಎರಡೂ ಸರಿ. ಮಗುವಿನ ಕೈ ಯಾವ ಕಡೆ ಹೋಗುತ್ತದೋ ಆ ಕಡೆಯೇ ಹೋಗಲು ಬಿಡಿ. ಎರಡೂ ವಿಧಾನ ಕಲಿಯಲೇಬೇಕು ಅಂತ ಟೀಚರುಗಳು ಬೋರ್ಡಿನ ಮೇಲೆ ಬರೆಸುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೆಲ್ಲಾ ಯಾವಾಗ ಬರಬೇಕು ಅಂತ ಕೇಳುತ್ತಾರೆ. ಅಮೆರಿಕದಲ್ಲಿರುವ ನಾದಿನಿಯ ಮಗ ಆಗಲೇ ಮಾಡ್ತಾನಂತೆ ಅನ್ನುವುದೂ ಜೊತೆಗೆ ಬರುತ್ತದೆ. ಅಲ್ಲಿಯ ಬಹಳಷ್ಟು ರಾಜ್ಯಗಳು ಒಪ್ಪಿದ ಕಾಮನ್ ಕೋರ್ ಪಟ್ಟಿಯಲ್ಲಿ ಕಿಂಡರ್‌ಗಾರ್ಟನ್ನಿಗೆ ಹತ್ತರೊಳಗಿನ ಲೆಕ್ಕ, ಸಲೀಸಾಗಿ ಬರಬೇಕಾದದ್ದು ಐದರೊಳಗೆ ಮಾತ್ರ. ಒಂದನೇ ತರಗತಿಗೆ ಇಪ್ಪತ್ತರೊಳಗೆ, ಸಲೀಸಾಗಿ ಹತ್ತರೊಳಗೆ. ಇಪ್ಪತ್ತರೊಳಗೆ ಸಲೀಸು ಅನ್ನುವುದು ಎರಡನೇ ತರಗತಿಯ ಕೊನೆಗೆ. ಹಾಗಾಗಿ ಯುಕೆಜಿ ಮಗುವಿಗೆ ಎರಡು ಟ್ರೇ ಕೊಡಬೇಡಿ, ಒಂದೇ ಸಾಕು. ಮುಟ್ಟಿದ ಮುಚ್ಚಳಕ್ಕೆ ಒಂದು ಸಂಖ್ಯೆ ಅಂತ ಎಣಿಸಲು ಇನ್ನೂ ತಡವರಿಸುವ ಮಗುವಿಗೆ ಅದೂ ಬೇಡ, ಅದಕ್ಕೆ ಮೊದಲು ಎಣಿಕೆಯೇ ಬರಲಿ. ತಿಂಗಳುಗಟ್ಟಲೆ ಆಡಿಸಿದರೂ ಮೂರು ಮುಚ್ಚಳವನ್ನೂ ಎಣಿಸದೆ ಗುರುತಿಸಲಾಗದಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಗೊತ್ತಿದ್ದವರಿಗೆ ತೋರಿಸಿ. ಮನೆಯಲ್ಲೇ ಕಾಯಿಲೆಯ ಹೆಸರಿಡಬೇಡಿ. ಬೆರಳು ಮಡಿಸಿದರೆ ಕೈಗೆ ಹೊಡೆಯಲೂಬೇಡಿ. ಎರಡು ಕೈ ಅಂದರೆ ಐದೈದರ ಎರಡು ಸಾಲು, ಮಗು ಹೊತ್ತು ತಿರುಗುವ ಟ್ರೇ ಅದೇ.

ಟ್ರೇಯನ್ನು ಒಮ್ಮೆಲೇ ತೆಗೆದುಬಿಡುವುದು ಇನ್ನೊಂದು ತಪ್ಪು. ಮೊದಲು ಮುಚ್ಚಳ ಹಾಕಿ ಬಟ್ಟೆ ಹೊದಿಸಿ ಕೇಳಬೇಕು. ಆಮೇಲೆ ಖಾಲಿ ಟ್ರೇ ಮಾತ್ರ ಇಟ್ಟು ಕೇಳಬೇಕು. ಕೊನೆಗೆ ಏನೂ ಇಲ್ಲ.

ಏಳನೇ ವಾರ ಅಪ್ಪನನ್ನು ಒಳಗೆ ಕರೆದೆ. ಮೇಜಿನ ಮೇಲೆ ಏನೂ ಇರಲಿಲ್ಲ. ಒಂಬತ್ತಕ್ಕೆ ಆರು ಎಷ್ಟು ಅಂದೆ. ಹುಡುಗಿ ಮೇಜಿನ ಮೇಲೆ ಟ್ರೇ ಇರುತ್ತಿದ್ದ ಜಾಗವನ್ನೇ ನೋಡಿದಳು. ಬಲಗೈ ಒಂದು ಸಣ್ಣ ಚಲನೆ ಮಾಡಿತು, ಏನನ್ನೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗೆ. "ಒಂದು ಅಲ್ಲಿಗೆ ಹೋಯ್ತು. ಹದಿನೈದು."

ಅಪ್ಪ ನನ್ನ ಕಡೆ ನೋಡಿ ನಕ್ಕರು. ಆಮೇಲೆ ಮಗಳ ಕಡೆ ಬಾಗಿ ಹೇಳಿದರು: "ಸರಿ ಪುಟ್ಟಿ, ಈಗ ಒಂದ್ಸಲ ಬೆರಳಲ್ಲಿ ಎಣಿಸಿ ಚೆಕ್ ಮಾಡ್ಬಿಡು."