ಖಾತೆಗೆ ಬಂದದ್ದಷ್ಟೇ ಲಾಭಾಂಶವಲ್ಲ

ಜುಲೈ ತಿಂಗಳಲ್ಲಿ ರಿಟರ್ನ್ಸ್ ಸಲ್ಲಿಸಲು ನನ್ನ ಕಚೇರಿಗೆ ಬರುವ ಹೂಡಿಕೆದಾರರಲ್ಲಿ ಹಲವರು ಲಾಭಾಂಶದ ಲೆಕ್ಕವನ್ನು ಪಾಸ್‌ಬುಕ್ ನೋಡಿಯೇ ಮಾಡಿಕೊಂಡು ಬಂದಿರುತ್ತಾರೆ. ವರ್ಷವಿಡೀ ಜಮೆಯಾದ ಸಣ್ಣಪುಟ್ಟ ಮೊತ್ತಗಳಿಗೆ ಪೆನ್ಸಿಲಿನಲ್ಲಿ ಗುರುತು, ಕೆಳಗೆ ಕೂಡಿದ ಮೊತ್ತ, ಅದನ್ನು ಷೇರುಗಳ ಈಗಿನ ಬೆಲೆಯಿಂದ ಭಾಗಿಸಿ ಪಡೆದ ಶೇಕಡಾವಾರು ಪ್ರಮಾಣ. 2020ರ ಮಾರ್ಚ್ ಕೊನೆಯವರೆಗೆ ಈ ಕ್ರಮದಲ್ಲಿ ದೊಡ್ಡ ದೋಷವೇನೂ ಇರಲಿಲ್ಲ. ಆಗ ಲಾಭಾಂಶ ವಿತರಣಾ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಘೋಷಿಸಿದ ಹಣ ಪೂರ್ತಿಯಾಗಿ ಕೈಸೇರುತ್ತಿತ್ತು. ಆ ವರ್ಷದ ಏಪ್ರಿಲ್‌ನಿಂದ ಲಾಭಾಂಶ ನಮ್ಮ ಆದಾಯಕ್ಕೆ ಸೇರಿ ನಮ್ಮದೇ ದರದಲ್ಲಿ ತೆರಿಗೆಗೆ ಒಳಪಡುತ್ತಿದೆ. ಕಂಪನಿ ಮೂಲದಲ್ಲೇ ಒಂದು ಪಾಲನ್ನು ತೆರಿಗೆಯಾಗಿ, ಅಂದರೆ ಟಿಡಿಎಸ್ ಆಗಿ, ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತದೆ. ಹಾಗಾಗಿ ಪಾಸ್‌ಬುಕ್ಕಿನ ಮೊತ್ತ ಆದಾಯವೂ ಅಲ್ಲ, ತೆರಿಗೆ ಕಳೆದ ಆದಾಯವೂ ಅಲ್ಲ. ಎರಡರ ನಡುವೆ ಎಲ್ಲೋ ಇರುವ ಒಂದು ಅಂಕಿ, ಅಷ್ಟೆ.

2024–25ರ ಹಣಕಾಸು ವರ್ಷದ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಷೇರುಗಳ ಸಂಖ್ಯೆ ಉದಾಹರಣೆಗಾಗಿ ನಾನು ಇಟ್ಟುಕೊಂಡದ್ದು, ಲಾಭಾಂಶದ ದರಗಳು ಆ ಕಂಪನಿಗಳು ನಿಜವಾಗಿ ಕೊಟ್ಟವು. ಒಬ್ಬರ ಬಳಿ ಇನ್ಫೊಸಿಸ್‌ನ 150, ಐಟಿಸಿಯ 800 ಷೇರುಗಳಿವೆ. ಕೆನರಾ ಬ್ಯಾಂಕಿನ ಹಳೆಯ 200 ಷೇರುಗಳು 2024ರ ಮೇ ತಿಂಗಳ ವಿಭಜನೆಯ ನಂತರ 1,000 ಆಗಿವೆ.

ಮೊದಲು ಮಾಡಬೇಕಾದದ್ದು ಒಟ್ಟು ಲಾಭಾಂಶದ ಲೆಕ್ಕ. ಪ್ರತಿ ಪಾವತಿಗೂ ಒಂದು ಸಾಲು ಬರೆದು, ಲಾಭಾಂಶ ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸಲು ಕಂಪನಿ ಗೊತ್ತುಮಾಡುವ ರೆಕಾರ್ಡ್ ಡೇಟ್ ದಿನ ನಮ್ಮ ಡಿಮ್ಯಾಟ್ ಖಾತೆಯಲ್ಲಿದ್ದ ಷೇರುಗಳ ಸಂಖ್ಯೆಯನ್ನು ಪ್ರತಿ ಷೇರಿನ ಲಾಭಾಂಶದಿಂದ ಗುಣಿಸಬೇಕು. ಇನ್ಫೊಸಿಸ್ 2024ರ ಜುಲೈನಲ್ಲಿ ಹಿಂದಿನ ವರ್ಷದ ಅಂತಿಮ ಲಾಭಾಂಶ ₹20 ಮತ್ತು ವಿಶೇಷ ಲಾಭಾಂಶ ₹8, ನವೆಂಬರ್‌ನಲ್ಲಿ ಮಧ್ಯಂತರ ಲಾಭಾಂಶ ₹21 ಕೊಟ್ಟಿತು. 150 ಷೇರಿಗೆ ₹4,200 ಮತ್ತು ₹3,150, ಒಟ್ಟು ₹7,350. ಐಟಿಸಿ ಜುಲೈನಲ್ಲಿ ₹7.50, ಮಾರ್ಚ್‌ನಲ್ಲಿ ₹6.50 ಕೊಟ್ಟಿತು. 800 ಷೇರಿಗೆ ₹6,000 ಮತ್ತು ₹5,200, ಒಟ್ಟು ₹11,200.

ಇಲ್ಲಿ ಒಂದು ಎಚ್ಚರಿಕೆ. ಇನ್ಫೊಸಿಸ್‌ನ 2024–25ರ ಲಾಭಾಂಶ ಎಷ್ಟೆಂದು ಅದರ ವಾರ್ಷಿಕ ವರದಿಯಲ್ಲಿ ಹುಡುಕಿದರೆ ಸಿಗುವುದು ಪ್ರತಿ ಷೇರಿಗೆ ₹43. ಅದು ಆ ವರ್ಷದ ಮಧ್ಯಂತರ ₹21 ಮತ್ತು 2025ರ ಬೇಸಿಗೆಯ ನಂತರ ಬಂದ ಅಂತಿಮ ₹22 ಸೇರಿದ ಮೊತ್ತ. ನಿಮಗೆ ಆ ಹನ್ನೆರಡು ತಿಂಗಳಲ್ಲಿ ಸಂದದ್ದು ₹49. ಕಂಪನಿಯ ವರ್ಷಕ್ಕೆ ಸೇರಿದ ಲಾಭಾಂಶ ಬೇರೆ, ಷೇರುದಾರನ ವರ್ಷಕ್ಕೆ ಸೇರಿದ ಲಾಭಾಂಶ ಬೇರೆ. ತೆರಿಗೆಗೆ ಬೇಕಾದದ್ದು ಎರಡನೆಯದು.

ಕೆನರಾ ಬ್ಯಾಂಕಿನ ಸಾಲಿನಲ್ಲಿ ಇನ್ನೊಂದು ಬಗೆಯ ತಪ್ಪು ಕಾದಿರುತ್ತದೆ. ಬ್ಯಾಂಕು 2023–24ಕ್ಕೆ ಘೋಷಿಸಿದ್ದು ₹10 ಮುಖಬೆಲೆಯ ಷೇರಿಗೆ ₹16.10, ಅಂದರೆ ಶೇ 161. ಆದರೆ ಮೇ ತಿಂಗಳಲ್ಲಿ ₹10ರ ಷೇರು ₹2ರ ಐದು ಷೇರುಗಳಾಯಿತು, ಲಾಭಾಂಶದ ರೆಕಾರ್ಡ್ ಡೇಟ್ ಬಂದದ್ದು ಜೂನ್‌ನಲ್ಲಿ. ಹಾಗಾಗಿ ಹೊಸ ಷೇರಿಗೆ ಸಿಕ್ಕಿದ್ದು ₹3.22. ಮೇ ತಿಂಗಳ ಸುದ್ದಿಯಿಂದ ₹16.10 ಎಂದು ಬರೆದುಕೊಂಡು ಈಗಿನ 1,000 ಷೇರುಗಳಿಂದ ಗುಣಿಸಿದರೆ ₹16,100 ಆಗುತ್ತದೆ. ನಿಜವಾದದ್ದು ₹3,220. ಈ ತಪ್ಪನ್ನು ಪತ್ತೆಹಚ್ಚುವುದು ಸುಲಭ: ಸುಮಾರು ₹89 ಬೆಲೆಯ ಬ್ಯಾಂಕ್ ಷೇರಿನ ಮೇಲೆ ಶೇ 18ರಷ್ಟು ಲಾಭಾಂಶ ಎಂದು ಹಾಳೆ ತೋರಿಸಿದರೆ, ಅದೃಷ್ಟ ಖುಲಾಯಿಸಿತು ಎನ್ನುವ ಮೊದಲು ಮುಖಬೆಲೆಯ ಕಡೆ ನೋಡಬೇಕು. ಶೇಕಡಾ ಲೆಕ್ಕದ ಘೋಷಣೆ ಯಾವಾಗಲೂ ಮುಖಬೆಲೆಯ ಮೇಲೆಯೇ ಹೊರತು ಮಾರುಕಟ್ಟೆ ಬೆಲೆಯ ಮೇಲಲ್ಲ.

ಮೂರನ್ನೂ ಕೂಡಿದರೆ ವರ್ಷದ ಒಟ್ಟು ಲಾಭಾಂಶ ₹21,770. ರಿಟರ್ನ್ಸ್‌ನಲ್ಲಿ ‘ಇತರ ಮೂಲಗಳ ಆದಾಯ’ದಡಿ ತೋರಿಸಬೇಕಾದದ್ದು ಇದನ್ನೇ, ಟಿಡಿಎಸ್ ಕಳೆಯದೆ. ಮುಂಗಡ ತೆರಿಗೆಯ ಕಂತುಗಳ ದಿನಾಂಕಗಳಿಗೆ ತಕ್ಕಂತೆ ಐದು ಅವಧಿಗಳಾಗಿ ಬಿಡಿಸಿ ಬರೆಯುವ ಕೋಷ್ಟಕವೂ ಅಲ್ಲಿದೆ. ಬಡ್ಡಿಯ ಲೆಕ್ಕಕ್ಕೆ ಅದು ಬೇಕು, ಆದ್ದರಿಂದ ಪಾವತಿಯ ದಿನಾಂಕಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಟಿಡಿಎಸ್. ಆ ವರ್ಷ ಭಾರತದ ನಿವಾಸಿಯಾದ ವ್ಯಕ್ತಿಗೆ ಒಂದು ಕಂಪನಿಯಿಂದ ವರ್ಷಕ್ಕೆ ₹5,000ಕ್ಕಿಂತ ಹೆಚ್ಚು ಲಾಭಾಂಶ ಸಂದರೆ ಶೇ 10 ಕಡಿತವಾಗುತ್ತಿತ್ತು. ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇ 20. ಮಿತಿ ಕಂಪನಿಯೊಂದಕ್ಕೆ, ಇಡೀ ವರ್ಷಕ್ಕೆ. ಒಂದೊಂದು ಪಾವತಿಗಲ್ಲ. ಐಟಿಸಿಯ ಮೊದಲ ಪಾವತಿಯೇ ಮಿತಿ ದಾಟಿದ್ದರಿಂದ ಎರಡೂ ಬಾರಿ ಶೇ 10 ಹೋಗುತ್ತದೆ: ₹600 ಮತ್ತು ₹520. ಇನ್ಫೊಸಿಸ್‌ನದು ಸ್ವಲ್ಪ ಗೋಜಲು. ಜುಲೈನ ₹4,200 ಮಿತಿಯೊಳಗಿದೆ. ನವೆಂಬರ್‌ನಲ್ಲಿ ವರ್ಷದ ಮೊತ್ತ ₹7,350ಕ್ಕೆ ಏರಿದಾಗ ಮಿತಿ ದಾಟುತ್ತದೆ, ಆಗ ಪೂರ್ತಿ ಮೊತ್ತದ ಮೇಲಿನ ₹735 ಒಂದೇ ಸಲ ಕಡಿತವಾಗಬಹುದು. ₹3,150 ಬರಬೇಕಾದಲ್ಲಿ ₹2,415 ಜಮೆಯಾದದ್ದನ್ನು ಕಂಡು ‘ಇದು ಶೇ 10 ಅಲ್ಲ, ಹೆಚ್ಚು ಹಿಡಿದಿದ್ದಾರೆ’ ಎಂದು ದೂರು ತರುವವರಿದ್ದಾರೆ. ಹೆಚ್ಚು ಹಿಡಿದಿಲ್ಲ, ಜುಲೈನ ಬಾಕಿಯನ್ನೂ ಸೇರಿಸಿ ಹಿಡಿದಿದ್ದಾರೆ. ವರ್ಷದ ಮೊತ್ತವನ್ನು ಅಂದಾಜಿಸಿ ಮೊದಲ ಪಾವತಿಯಿಂದಲೇ ಕಡಿತ ಮಾಡುವ ಕಂಪನಿಗಳೂ ಉಂಟು. ಕೆನರಾ ಬ್ಯಾಂಕಿನ ₹3,220 ಮಿತಿಯೊಳಗಿರುವುದರಿಂದ ಕಡಿತವಿಲ್ಲ. ಒಟ್ಟು ಟಿಡಿಎಸ್ ₹1,855. ಖಾತೆಗೆ ಬರಬೇಕಾದದ್ದು ₹19,915.

ಈಗ ದಾಖಲೆಗಳನ್ನು ತಾಳೆ ನೋಡಬೇಕು. ಟಿಡಿಎಸ್ ಕಡಿತವಾದ ಪಾವತಿಗಳು ಫಾರ್ಮ್ 26ಎಎಸ್‌ನಲ್ಲಿ ಸಿಗುತ್ತವೆ. ಕಡಿತವಾಗದ ಸಣ್ಣ ಲಾಭಾಂಶಗಳು ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ, ಅವುಗಳಿಗೆ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆಗೆಯಬೇಕು. ಕಂಪನಿಗಳು ತಾವು ಕೊಟ್ಟ ಲಾಭಾಂಶದ ವಿವರವನ್ನು ಪ್ರತ್ಯೇಕವಾಗಿ ವರದಿ ಮಾಡುವುದರಿಂದ ಅವು ಅಲ್ಲಿ ಬಂದಿರುತ್ತವೆ. ಒಂದೇ ಲಾಭಾಂಶ ಟಿಡಿಎಸ್ ಮೂಲದಿಂದ ಒಮ್ಮೆ, ಕಂಪನಿಯ ವರದಿಯಿಂದ ಇನ್ನೊಮ್ಮೆ ಕಾಣಿಸಿಕೊಳ್ಳಬಹುದು. ಎರಡನ್ನೂ ಕೂಡಿಬಿಡಬಾರದು. ಬ್ರೋಕರ್ ಕಳಿಸುವ ಡಿವಿಡೆಂಡ್ ವರದಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಹಣ ಬ್ರೋಕರ್ ಮೂಲಕ ಬರುವುದೇ ಇಲ್ಲ, ಆ ವರದಿ ಷೇರುಗಳ ಸಂಖ್ಯೆಯಿಂದ ಕಟ್ಟಿದ ಅಂದಾಜು.

ನಮ್ಮ ಉದಾಹರಣೆಯಲ್ಲಿ ಪಾಸ್‌ಬುಕ್ ₹16,695 ಮಾತ್ರ ತೋರಿಸುತ್ತಿದೆ ಎಂದುಕೊಳ್ಳಿ. ₹19,915ಕ್ಕೂ ಇದಕ್ಕೂ ವ್ಯತ್ಯಾಸ ₹3,220. ವ್ಯತ್ಯಾಸ ಒಂದು ಕಂಪನಿಯ ಲಾಭಾಂಶಕ್ಕೆ ಕರಾರುವಾಕ್ಕಾಗಿ ಸರಿಹೊಂದಿದರೆ ಆ ಪಾವತಿ ತಲುಪಿಲ್ಲ ಎಂದರ್ಥ. ಡಿಮ್ಯಾಟ್ ಖಾತೆಗೆ ಜೋಡಿಸಿದ ಬ್ಯಾಂಕ್ ವಿವರ ಹಳತಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದ ಮೇಲೆ ನಮ್ಮ ಕಡೆಯ ಹಳೆಯ ಗ್ರಾಹಕರಲ್ಲಿ ಐಎಫ್‌ಎಸ್‌ಸಿ ಕೋಡ್ ಬದಲಿಸದೇ ಉಳಿದವರು ಕಡಿಮೆಯೇನಲ್ಲ. ಷೇರುದಾರರ ದಾಖಲೆ ನೋಡಿಕೊಳ್ಳುವ, ಕಂಪನಿಯ ರಿಜಿಸ್ಟ್ರಾರ್‌ಗೆ ಬರೆದರೆ ಹಣ ಸಿಗುತ್ತದೆ. ಏಳು ವರ್ಷ ಕೇಳದೇ ಬಿಟ್ಟರೆ ಅದು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ, ಸತತ ಏಳು ವರ್ಷ ಹಾಗೇ ಉಳಿದರೆ ಷೇರುಗಳೂ ಅದರ ಹಿಂದೆ ಹೋಗುತ್ತವೆ. ಹಣ ಕೈಸೇರದಿದ್ದರೂ ಲಾಭಾಂಶ ಆ ವರ್ಷದ ಆದಾಯವೇ ಎಂಬುದನ್ನು ಮರೆಯಬಾರದು.

ಇನ್ನು ಡಿವಿಡೆಂಡ್ ಯೀಲ್ಡ್. ಅಂಶದಲ್ಲಿ ಒಟ್ಟು ಲಾಭಾಂಶ, ಛೇದದಲ್ಲಿ ಷೇರುಗಳ ಮಾರುಕಟ್ಟೆ ಮೌಲ್ಯ. 2025ರ ಮಾರ್ಚ್ ಅಂತ್ಯದ ಬೆಲೆಗಳನ್ನು ಸುಮಾರಾಗಿ ಹಿಡಿದರೆ ಇನ್ಫೊಸಿಸ್ ₹1,570ರಂತೆ ₹2,35,500, ಐಟಿಸಿ ₹410ರಂತೆ ₹3,28,000, ಕೆನರಾ ಬ್ಯಾಂಕ್ ₹89ರಂತೆ ₹89,000. ಇಷ್ಟಕ್ಕೇ ನಿಲ್ಲಿಸಿದರೆ ತಪ್ಪಾಗುತ್ತದೆ. 2025ರ ಜನವರಿಯಲ್ಲಿ ಐಟಿಸಿಯ ಹೋಟೆಲ್ ವ್ಯವಹಾರ ಬೇರೆ ಕಂಪನಿಯಾಗಿ, ಹತ್ತು ಐಟಿಸಿ ಷೇರಿಗೆ ಐಟಿಸಿ ಹೋಟೆಲ್ಸ್‌ನ ಒಂದು ಷೇರು ಸಿಕ್ಕಿತು. ಜುಲೈನ ಲಾಭಾಂಶ ಬಂದದ್ದು ಹೋಟೆಲನ್ನೂ ಒಳಗೊಂಡ ಷೇರಿನ ಮೇಲೆ, ಮಾರ್ಚ್‌ನ ಬೆಲೆ ಹೋಟೆಲ್ ಕಳೆದ ಮೇಲಿನದು. ಆದ್ದರಿಂದ ಆ 80 ಷೇರುಗಳನ್ನು, ಲಾಭಾಂಶ ಸೊನ್ನೆಯಾದರೂ, ಸುಮಾರು ₹200ರಂತೆ ₹16,000 ಎಂದು ಛೇದಕ್ಕೆ ಸೇರಿಸಬೇಕು. ಒಟ್ಟು ₹6,68,500. ₹21,770ನ್ನು ಇದರಿಂದ ಭಾಗಿಸಿದರೆ ಶೇ 3.26. ಪಾಸ್‌ಬುಕ್ಕಿನ ₹16,695 ಹಿಡಿದು, ಹೋಟೆಲ್ ಷೇರನ್ನೂ ಮರೆತವರಿಗೆ ಸಿಗುತ್ತಿದ್ದುದು ಶೇ 2.56.

ಶೇ 3.26 ಮುಂದಿನ ವರ್ಷವೂ ಬರುತ್ತದೆ ಎಂದು ಭಾವಿಸಬಾರದು. ಇನ್ಫೊಸಿಸ್‌ನ ₹8 ವಿಶೇಷ ಲಾಭಾಂಶ. ಅದರ ₹1,200ನ್ನು ತೆಗೆದರೆ ಶೇ 3.08 ಉಳಿಯುತ್ತದೆ. ಮುಂದಿನ ಖರ್ಚಿಗೆ ಅಂದಾಜು ಮಾಡುವವರು ಇದನ್ನೇ ಹಿಡಿಯಲಿ. ಹಾಗೆಯೇ ವರ್ಷದ ನಡುವೆ ಷೇರು ಕೊಂಡಿದ್ದರೆ ಲಾಭಾಂಶ ಅರ್ಧ ವರ್ಷದ್ದು, ಮೌಲ್ಯ ಪೂರ್ತಿಯದು ಆಗಿ ಯೀಲ್ಡ್ ಕುಗ್ಗಿ ಕಾಣುತ್ತದೆ.

‘ತೆರಿಗೆ ಕಳೆದ ಮೇಲೆ ಎಷ್ಟು?’ ಎಂಬ ಪ್ರಶ್ನೆಗೆ ಹಲವರು ಟಿಡಿಎಸ್ ಕಳೆದು ₹19,915, ಶೇ 2.98 ಎಂದು ಉತ್ತರ ಬರೆದುಕೊಂಡಿರುತ್ತಾರೆ. ಈ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ. ಟಿಡಿಎಸ್ ಎಂಬುದು ಮುಂಗಡ, ಅಂತಿಮ ತೆರಿಗೆಯಲ್ಲ. ತೆರಿಗೆಯೇ ಬಾರದ ಆದಾಯದವರಿಗೆ ₹1,855 ಮರುಪಾವತಿಯಾಗಿ ಶೇ 3.26 ಪೂರ್ತಿ ಉಳಿಯುತ್ತದೆ. ಅಂಥವರು ಆ ವರ್ಷದ ಆರಂಭದಲ್ಲೇ ಫಾರ್ಮ್ 15ಜಿ, ಹಿರಿಯ ನಾಗರಿಕರಾದರೆ 15ಎಚ್ ಕೊಟ್ಟು ಕಡಿತವನ್ನೇ ತಪ್ಪಿಸಬಹುದಿತ್ತು. ಶೇ 20ರ ಹಂತದವರಿಗೆ ಸೆಸ್ ಸೇರಿ ₹4,528 ತೆರಿಗೆ, ಉಳಿಯುವುದು ಶೇ 2.58. ಶೇ 30ರ ಹಂತದವರಿಗೆ ತೆರಿಗೆ ₹6,792, ಅಂದರೆ ಟಿಡಿಎಸ್ ಹೋಗಿ ಇನ್ನೂ ₹4,937 ಕೈಯಿಂದ ಕಟ್ಟಬೇಕು. ಅವರ ಪಾಲಿಗೆ ಉಳಿಯುವುದು ಶೇ 2.24. ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕವನ್ನು ಇದರಲ್ಲಿ ಕಳೆಯಲು ಅವಕಾಶವಿಲ್ಲ.

ಟಿಡಿಎಸ್ ಕಳೆದ ಮೊತ್ತವನ್ನು ಅಳತೆಗೋಲಾಗಿ ಬಳಸಬಾರದು ಎನ್ನಲು ಇನ್ನೂ ಒಂದು ಕಾರಣವಿದೆ. 2025ರ ಏಪ್ರಿಲ್‌ನಿಂದ ಕಡಿತದ ಮಿತಿ ₹5,000ದಿಂದ ₹10,000ಕ್ಕೆ ಏರಿದೆ. ಅಷ್ಟೇ ಷೇರುಗಳಿಗೆ ಅಷ್ಟೇ ಲಾಭಾಂಶ ಬಂದರೂ ಇನ್ಫೊಸಿಸ್‌ನ ₹7,350ರಿಂದ ಈಗ ಏನೂ ಕಡಿತವಾಗುವುದಿಲ್ಲ, ಐಟಿಸಿಯ ₹11,200ರಿಂದ ಮಾತ್ರ ಕಡಿತ ಮುಂದುವರಿಯುತ್ತದೆ. ಪಾಸ್‌ಬುಕ್‌ನಲ್ಲಿ ₹735 ಹೆಚ್ಚು ಕಾಣುತ್ತದೆ, ಆದಾಯ ಒಂದು ರೂಪಾಯಿಯೂ ಹೆಚ್ಚಿರುವುದಿಲ್ಲ. ಶೇ 30ರ ಹಂತದವರಾದರೆ ಆ ₹735ನ್ನು ಮುಂಗಡ ತೆರಿಗೆಯ ಕಂತಿನಲ್ಲೋ ರಿಟರ್ನ್ಸ್ ಸಲ್ಲಿಸುವಾಗಲೋ ತಾವೇ ಕಟ್ಟಬೇಕು.