ಸೊಸೈಟಿ ಖಜಾಂಚಿಗೆ ಮೇಂಟೆನೆನ್ಸ್ ಲೆಕ್ಕ: ಜಿಎಸ್‌ಟಿ ಮತ್ತು ಟಿಡಿಎಸ್ ಮಿತಿಗಳನ್ನು ಓದುವ ಬಗೆ

ನಮ್ಮಂತಹ ಸೊಸೈಟಿಗಳ ಖಜಾಂಚಿಗಳು ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ: 7,500 ರೂಪಾಯಿ, 20 ಲಕ್ಷ ರೂಪಾಯಿ, 1 ಲಕ್ಷ ರೂಪಾಯಿ. ಮೊದಲ ಎರಡು ಜಿಎಸ್‌ಟಿಯವು, ಮೂರನೆಯದು ಟಿಡಿಎಸ್‌ನದು. ಅಂಕಿ ನೆನಪಿದ್ದ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಆ ಮಿತಿ ಯಾರ ಹೆಸರಿಗೆ, ಎಷ್ಟು ಅವಧಿಗೆ, ಮತ್ತು ದಾಟಿದ ಮೇಲೆ ತೆರಿಗೆ ಇಡೀ ಮೊತ್ತದ ಮೇಲೋ ಹೆಚ್ಚುವರಿಯ ಮೇಲೋ ಎಂಬುದು ಪ್ರತಿ ಅಂಕಿಗೂ ಬೇರೆ ಬೇರೆ. ನನಗೆ ತೊಡಕಾದದ್ದು ಇದೇ ಆದ್ದರಿಂದ ಟಿಪ್ಪಣಿಯ ಹೆಚ್ಚಿನ ಭಾಗ ಇದಕ್ಕೇ ಹೋಗಿದೆ. ಇಲ್ಲಿನ ದರ, ಮಿತಿ ಮತ್ತು ಸೆಕ್ಷನ್ ಸಂಖ್ಯೆಗಳು 2025-26ನೇ ಹಣಕಾಸು ವರ್ಷದವು. 2026ರ ಏಪ್ರಿಲ್ 1ರಿಂದ ಜಾರಿಯಾಗುವ ಆದಾಯ ತೆರಿಗೆ ಅಧಿನಿಯಮ, 2025ರಲ್ಲಿ ಟಿಡಿಎಸ್ ನಿಯಮಗಳು ಸೆಕ್ಷನ್ 393ರಡಿ ಒಟ್ಟುಗೂಡಿರುವುದರಿಂದ, ಅಲ್ಲಿಂದ ಮುಂದಿನ ಪಾವತಿಗಳಿಗೆ ಹಳೆಯ ಸಂಖ್ಯೆಗಳನ್ನು ಹುಡುಕಬಾರದು.

ಉದಾಹರಣೆಯ ಸೊಸೈಟಿ

ಕಲಬುರಗಿಯ ಸೇಡಂ ರಸ್ತೆಯ ಕಡೆ 48 ಮನೆಗಳ ಒಂದು ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳೋಣ. 40 ಮನೆಗಳಿಗೆ ತಿಂಗಳಿಗೆ 3,000 ರೂಪಾಯಿ, ದೊಡ್ಡ 8 ಮನೆಗಳಿಗೆ 5,000 ರೂಪಾಯಿ ಮೇಂಟೆನೆನ್ಸ್. ತಿಂಗಳಿಗೆ 1,60,000 ರೂಪಾಯಿ, ವರ್ಷಕ್ಕೆ 19,20,000 ರೂಪಾಯಿ ಸಂಗ್ರಹವಾಗುತ್ತದೆ. ಮಾಲೀಕರ ಸಂಘವು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿಯಾಗಿದೆ. ಟಿಡಿಎಸ್ ಭಾಗದಲ್ಲಿ ಈ ನೋಂದಣಿಯ ಸಂಗತಿ ಬೇಕಾಗುತ್ತದೆ.

7,500 ಮತ್ತು 20 ಲಕ್ಷ: ಎರಡೂ ಕೂಡಿದಾಗ

ಸದಸ್ಯರ ಸಾಮಾನ್ಯ ಬಳಕೆಗಾಗಿ ಹೊರಗಿನವರಿಂದ ಸರಕು ಅಥವಾ ಸೇವೆ ಪಡೆಯಲು ಸೊಸೈಟಿ ತನ್ನ ಸದಸ್ಯರಿಂದ ಸಂಗ್ರಹಿಸುವ ಪಾಲು, ಒಬ್ಬ ಸದಸ್ಯರಿಗೆ ತಿಂಗಳಿಗೆ 7,500 ರೂಪಾಯಿಯವರೆಗೆ ಜಿಎಸ್‌ಟಿಯಿಂದ ಮುಕ್ತ. ಮೊದಲು 5,000 ಇದ್ದ ಈ ಮಿತಿಯನ್ನು 2018ರ ಜನವರಿ 25ರಿಂದ ಏರಿಸಲಾಯಿತು. ಒಬ್ಬರೇ ಎರಡು ಮನೆಗಳ ಮಾಲೀಕರಾಗಿದ್ದರೆ ಪ್ರತಿ ಮನೆಗೂ ಮಿತಿಯನ್ನು ಪ್ರತ್ಯೇಕವಾಗಿಯೇ ನೋಡಬೇಕೆಂದು 2019ರ ಜುಲೈ 22ರ ಸುತ್ತೋಲೆ ಸ್ಪಷ್ಟಪಡಿಸಿದೆ. ಮಹಾನಗರ ಪಾಲಿಕೆಗೆ ಸದಸ್ಯರ ಪರವಾಗಿ ಕಟ್ಟಿಕೊಡುವ ಆಸ್ತಿ ತೆರಿಗೆಯಂತಹ ಮೊತ್ತ ಈ 7,500ರಲ್ಲಿ ಸೇರುವುದಿಲ್ಲ.

20 ಲಕ್ಷದ ಮಿತಿ ಸದಸ್ಯರದ್ದಲ್ಲ, ಸೊಸೈಟಿಯದು. ತಿಂಗಳದ್ದಲ್ಲ, ಹಣಕಾಸು ವರ್ಷದ್ದು. ಈ ಒಟ್ಟು ವಹಿವಾಟಿನಲ್ಲಿ ತೆರಿಗೆ ಬೀಳುವ ಮೊತ್ತವಷ್ಟೇ ಅಲ್ಲ, ತೆರಿಗೆಯಿಂದ ಮುಕ್ತವಾದ ಮೇಂಟೆನೆನ್ಸ್ ಕೂಡ ಸೇರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಹಾಗೆಂದು ಸಂಗ್ರಹ 20 ಲಕ್ಷ ದಾಟಿದ ಕೂಡಲೇ ನೋಂದಣಿ ಮಾಡಿಸಬೇಕೆಂದೂ ಅಲ್ಲ. ಎಲ್ಲ ಸದಸ್ಯರ ಪಾಲೂ 7,500ರ ಒಳಗಿದ್ದು, ಬೇರೆ ತೆರಿಗೆಯ ಆದಾಯ ಇಲ್ಲದಿದ್ದರೆ, ಸೊಸೈಟಿ ಮಾಡುತ್ತಿರುವುದೆಲ್ಲವೂ ಮುಕ್ತ ಪೂರೈಕೆಯೇ ಆದ್ದರಿಂದ ವಹಿವಾಟು 25 ಲಕ್ಷವಾದರೂ ನೋಂದಣಿ ಬೇಕಿಲ್ಲ. ಹಾಗೆಯೇ ಒಬ್ಬ ಸದಸ್ಯರ ಪಾಲು 9,000 ಆಗಿದ್ದು, ಸೊಸೈಟಿಯ ವರ್ಷದ ವಹಿವಾಟು 20 ಲಕ್ಷದೊಳಗೇ ಉಳಿದರೂ ನೋಂದಣಿ ಬೇಕಿಲ್ಲ. ಎರಡೂ ದಾಟಿದಾಗ ಮಾತ್ರ ಶೇ 18ರ ಜಿಎಸ್‌ಟಿ ಬಾಗಿಲಿಗೆ ಬರುತ್ತದೆ.

ನಮ್ಮ ಉದಾಹರಣೆಯ ಸೊಸೈಟಿ ಸಾಮಾನ್ಯ ವರ್ಷದಲ್ಲಿ ಎರಡನ್ನೂ ದಾಟುವುದಿಲ್ಲ. ಕಲಬುರಗಿಯಲ್ಲಿ ತಿಂಗಳ ಮೇಂಟೆನೆನ್ಸ್ 7,500 ಆಗುವುದು ಅಪರೂಪವಾದ್ದರಿಂದ ಇಲ್ಲಿನ ಬಹುತೇಕ ಸಮಿತಿಗಳು ಈ ವಿಷಯವನ್ನೇ ಎತ್ತುವುದಿಲ್ಲ. ತೊಂದರೆ ಬರುವುದು ವಿಶೇಷ ವಂತಿಗೆಯಿಂದ. ಕಟ್ಟಡಕ್ಕೆ ಬಣ್ಣ ಹೊಡೆಸಲು ಫೆಬ್ರುವರಿಯಲ್ಲಿ ಮನೆಗೆ 6,000 ರೂಪಾಯಿಯಂತೆ ಒಟ್ಟು 2,88,000 ರೂಪಾಯಿ ಎತ್ತಲು ಸಭೆ ನಿರ್ಣಯಿಸಿತು ಎನ್ನೋಣ. ಆ ತಿಂಗಳ ಬಿಲ್ ಚಿಕ್ಕ ಮನೆಗೆ 9,000, ದೊಡ್ಡ ಮನೆಗೆ 11,000 ಆಗುತ್ತದೆ. ಅಂದರೆ 48 ಮನೆಗಳೂ 7,500 ದಾಟಿದವು. ಏಪ್ರಿಲ್‌ನಿಂದ ಜನವರಿಯವರೆಗಿನ 16,00,000ಕ್ಕೆ ಫೆಬ್ರುವರಿಯ 4,48,000 ಸೇರಿ ವಹಿವಾಟು 20,48,000 ಆಯಿತು. ಒಂದೇ ಬಿಲ್‌ನಲ್ಲಿ ಎರಡೂ ಮಿತಿಗಳು ದಾಟಿದವು, ಮತ್ತು 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕುವ ಹೊಣೆ ಹುಟ್ಟಿತು.

ಈಗ ತೆರಿಗೆ ಎಷ್ಟರ ಮೇಲೆ? ಮೇಲೆ ಹೇಳಿದ 2019ರ ಸುತ್ತೋಲೆಯ ಪ್ರಕಾರ 7,500 ದಾಟಿದರೆ ಇಡೀ ಮೊತ್ತಕ್ಕೆ ತೆರಿಗೆ. ಹಾಗಾದರೆ ಚಿಕ್ಕ ಮನೆಗೆ 9,000ದ ಮೇಲೆ 1,620 ರೂಪಾಯಿ, ದೊಡ್ಡ ಮನೆಗೆ 1,980 ರೂಪಾಯಿ, ಎಲ್ಲ ಮನೆಗಳಿಂದ ಒಟ್ಟು 80,640 ರೂಪಾಯಿ. 2021ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಇದನ್ನು ಒಪ್ಪದೆ, 7,500ಕ್ಕಿಂತ ಹೆಚ್ಚಾದ ಭಾಗಕ್ಕಷ್ಟೇ ತೆರಿಗೆ ಎಂದಿತು. ಆ ಲೆಕ್ಕದಲ್ಲಿ ಚಿಕ್ಕ ಮನೆಗೆ 1,500ರ ಮೇಲೆ ಕೇವಲ 270 ರೂಪಾಯಿ, ದೊಡ್ಡ ಮನೆಗೆ 630 ರೂಪಾಯಿ. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪನ್ನು ಕರ್ನಾಟಕದಲ್ಲಿ ವಾದಕ್ಕೆ ಬಳಸಬಹುದೇ ಹೊರತು ಇಲ್ಲಿನ ಅಧಿಕಾರಿ ಅದಕ್ಕೆ ಬದ್ಧರಲ್ಲ. ದಾವೆ ಹೂಡುವ ಶಕ್ತಿಯಿಲ್ಲದ 48 ಮನೆಗಳ ಸೊಸೈಟಿ ಸುತ್ತೋಲೆಯ ಲೆಕ್ಕವನ್ನೇ ಇಟ್ಟುಕೊಂಡು ಯೋಜನೆ ಮಾಡುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ.

ಯೋಜನೆ ಎಂದರೆ ವಂತಿಗೆಯನ್ನು ತಿಂಗಳುಗಳಿಗೆ ಹಂಚುವುದು. ಜನವರಿ, ಫೆಬ್ರುವರಿ, ಮಾರ್ಚ್‌ನಲ್ಲಿ 2,000ದಂತೆ ಎತ್ತಿದರೆ ಬಿಲ್ 5,000 ಮತ್ತು 7,000 ಆಗಿ ಎಲ್ಲರೂ ಮಿತಿಯೊಳಗೆ ಉಳಿಯುತ್ತಾರೆಂದು ಕಾಣುತ್ತದೆ. ಆದರೆ ನಮ್ಮ ಕಡೆ ಮಾರ್ಚ್‌ನಲ್ಲೇ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ನೀರು ಶುರುವಾಗುತ್ತದೆ. ಟ್ಯಾಂಕರಿನ ಪಾಲು ಮನೆಗೆ 800 ಎಂದು ಸೇರಿದರೆ ದೊಡ್ಡ ಮನೆಯ ಬಿಲ್ 7,800 ಆಗಿ 8 ಮನೆಗಳು ಮಿತಿ ದಾಟುತ್ತವೆ, ಆ ಹೊತ್ತಿಗೆ ವರ್ಷದ ವಹಿವಾಟೂ 20 ಲಕ್ಷ ಮೀರಿರುತ್ತದೆ. ಆದ್ದರಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 1,500ರಂತೆ ನಾಲ್ಕು ಕಂತು ಮಾಡುವುದು ಉತ್ತಮ. ಆಗ ದೊಡ್ಡ ಮನೆಯ ಬಿಲ್ 6,500, ಟ್ಯಾಂಕರ್ ಸೇರಿದ ಮಾರ್ಚ್‌ನಲ್ಲಿ 7,300. ವರ್ಷದ ವಹಿವಾಟು 20 ಲಕ್ಷ ದಾಟಿದರೂ ಎಲ್ಲವೂ ಮುಕ್ತವಾಗಿಯೇ ಉಳಿಯುತ್ತದೆ.

ಇದಕ್ಕೆ ಒಂದು ಷರತ್ತಿದೆ. ಕಂತು ಸಭೆಯ ನಿರ್ಣಯದಲ್ಲೂ ಬಿಲ್‌ನಲ್ಲೂ ಆಯಾ ತಿಂಗಳ ಬಾಕಿಯಾಗಿಯೇ ಬರೆದಿರಬೇಕು. ಫೆಬ್ರುವರಿಯಲ್ಲಿ 6,000ಕ್ಕೆ ಬಿಲ್ ಕೊಟ್ಟು, ಸದಸ್ಯರು ಅದನ್ನು ನಾಲ್ಕು ತಿಂಗಳಲ್ಲಿ ಕಟ್ಟಿದರೆ ಫೆಬ್ರುವರಿಯ ಬಿಲ್ 9,000ವೇ. ಇದೇ ತರ್ಕ ಇನ್ನೊಂದು ದಿಕ್ಕಿನಲ್ಲಿ ಖಜಾಂಚಿಗೆ ಅನುಕೂಲವೂ ಆಗುತ್ತದೆ: ತ್ರೈಮಾಸಿಕವಾಗಿ 9,000 ಸಂಗ್ರಹಿಸುವ ಸೊಸೈಟಿ, ಅದು ತಿಂಗಳಿಗೆ 3,000ದ ಮೂರು ತಿಂಗಳ ಪಾಲೆಂದು ಬಿಲ್‌ನಲ್ಲಿ ನಮೂದಿಸಿದರೆ ಮಿತಿ ದಾಟಿದಂತಾಗುವುದಿಲ್ಲ.

ಸೆಕ್ಯುರಿಟಿ ಏಜೆನ್ಸಿಯ ಬಿಲ್ ಮತ್ತು ಟಿಡಿಎಸ್

ಮನೆಯ ಮಾಲೀಕರು ತಮ್ಮ ವಾಸದ ಮನೆಗೆ ಕಟ್ಟುವ ಮೇಂಟೆನೆನ್ಸ್ ಮೇಲೆ ಟಿಡಿಎಸ್ ಹಿಡಿಯುವ ಪ್ರಶ್ನೆ ಏಳುವುದಿಲ್ಲ. ಸೊಸೈಟಿ ಹೊರಗಿನವರಿಗೆ ಕೊಡುವ ಹಣದ ಮೇಲೆ ಹಿಡಿಯಬೇಕು. ಗುತ್ತಿಗೆ ಕೆಲಸಕ್ಕೆ ಸಂಬಂಧಿಸಿದ ಸೆಕ್ಷನ್ 194ಸಿ ಹೆಸರಿಸುವವರಲ್ಲಿ ಸಹಕಾರ ಸಂಘಗಳೂ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘಗಳೂ ಇವೆ. ನಮ್ಮದು ಲಾಭವಿಲ್ಲದ ಸಂಘ, ನಮಗೆ ಇದು ಅನ್ವಯಿಸದು ಎಂಬ ಮಾತು ನಿಲ್ಲುವುದಿಲ್ಲ.

ಒಬ್ಬ ವ್ಯಕ್ತಿಯ ಮಾಲೀಕತ್ವದ ಸೆಕ್ಯುರಿಟಿ ಏಜೆನ್ಸಿ ತಿಂಗಳಿಗೆ 24,000 ರೂಪಾಯಿ ಮತ್ತು ಅದರ ಮೇಲೆ ಶೇ 18ರ ಜಿಎಸ್‌ಟಿ 4,320 ಸೇರಿಸಿ 28,320ಕ್ಕೆ ಬಿಲ್ ಕೊಡುತ್ತದೆ. ಒಂದು ಬಿಲ್ 30,000 ದಾಟದಿದ್ದರೆ ಕಡಿತವಿಲ್ಲ ಎಂಬ ನಿಯಮವನ್ನು ಓದಿ ಖಜಾಂಚಿಗಳು ಇಲ್ಲಿಗೇ ನಿಲ್ಲುತ್ತಾರೆ. ಅದರ ಮುಂದಿನ ಸಾಲಿನಲ್ಲಿ, ಒಬ್ಬರಿಗೆ ಇಡೀ ಹಣಕಾಸು ವರ್ಷದಲ್ಲಿ ಕೊಟ್ಟ ಅಥವಾ ಕೊಡುವ ಸಾಧ್ಯತೆಯಿರುವ ಮೊತ್ತ 1 ಲಕ್ಷ ದಾಟಿದರೆ ಕಡಿತ ಮಾಡಲೇಬೇಕು ಎಂದಿದೆ. ಏಪ್ರಿಲ್‌ನಿಂದ ಜುಲೈವರೆಗೆ ಒಟ್ಟು 96,000 ಆಗಿ ಆಗಸ್ಟ್‌ನಲ್ಲಿ 1,20,000 ಆಗುವುದರಿಂದ, ಆಗಸ್ಟ್‌ನಲ್ಲಿ ಐದೂ ತಿಂಗಳದ್ದನ್ನು ಸೇರಿಸಿ ಹಿಡಿದರಾಯಿತು ಎಂದು ತೋರಬಹುದು. ಮೊತ್ತ ಮುಂಚಿತವಾಗಿ ಗೊತ್ತಿಲ್ಲದ ಸಣ್ಣಪುಟ್ಟ ಕೆಲಸಗಳಿಗೆ ಆ ಕ್ರಮ ಸರಿ. ಆದರೆ ವರ್ಷಕ್ಕೆ 2,88,000 ಎಂದು ಕರಾರು ಇದ್ದಾಗ ಸಾಧ್ಯತೆ ಮೊದಲ ದಿನವೇ ಗೊತ್ತಿರುವುದರಿಂದ ಏಪ್ರಿಲ್‌ನ ಬಿಲ್‌ನಿಂದಲೇ ಹಿಡಿಯಬೇಕು. ಇಲ್ಲಿ 1 ಲಕ್ಷ ದಾಟಿದ ಮೇಲಿನ ಹೆಚ್ಚುವರಿಗೆ ಮಾತ್ರವಲ್ಲ, ಮೊದಲ ರೂಪಾಯಿಯಿಂದಲೇ ಕಡಿತ.

ಯಾವ ಮೊತ್ತದ ಮೇಲೆ? ಬಿಲ್‌ನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಹಿಡಿಯಬೇಕೆಂದು 2017ರ ಜುಲೈ 19ರ ಸುತ್ತೋಲೆ ಹೇಳುತ್ತದೆ. ಆದ್ದರಿಂದ 24,000ದ ಶೇ 1, ಅಂದರೆ 240 ರೂಪಾಯಿ ಹಿಡಿದು 28,080 ಕೊಡಬೇಕು.

ಶೇ 1ಯೋ ಶೇ 2ಯೋ ಎಂದು ತಿಳಿಯಲು ನನಗೆ ಬಹಳ ಹಿಡಿಸಿದ ಉಪಾಯವೆಂದರೆ ಪ್ಯಾನ್‌ನ ನಾಲ್ಕನೆಯ ಅಕ್ಷರ ನೋಡುವುದು. ಅದು P ಆಗಿದ್ದರೆ ವ್ಯಕ್ತಿ, H ಆಗಿದ್ದರೆ ಹಿಂದೂ ಅವಿಭಕ್ತ ಕುಟುಂಬ; ಇವರಿಬ್ಬರಿಗೆ ಶೇ 1. C ಎಂದರೆ ಕಂಪನಿ, F ಎಂದರೆ ಪಾಲುದಾರಿಕೆ ಸಂಸ್ಥೆ. ಇವಕ್ಕೂ ಇನ್ನುಳಿದವರಿಗೂ ಶೇ 2. ಬಿಲ್‌ನ ತಲೆಯಲ್ಲಿ ‘ಎಂಟರ್‌ಪ್ರೈಸಸ್’, ‘ಸರ್ವೀಸಸ್’ ಎಂದು ಎಷ್ಟೇ ದೊಡ್ಡ ಹೆಸರಿದ್ದರೂ ಪ್ಯಾನ್ P ಆಗಿದ್ದರೆ ಅದು ಒಬ್ಬರ ವ್ಯವಹಾರವೇ. ಬಿಲ್‌ನಲ್ಲಿ ಪ್ಯಾನ್ ಇಲ್ಲದಿದ್ದರೂ ಜಿಎಸ್‌ಟಿ ಸಂಖ್ಯೆ ಇದ್ದರೆ ಸಾಕು: ಅದರ ಮೊದಲ ಎರಡು ಅಂಕಿ ರಾಜ್ಯದ್ದು, ನಂತರದ ಹತ್ತು ಅಕ್ಷರಗಳೇ ಪ್ಯಾನ್. ಹಾಗಾಗಿ ಜಿಎಸ್‌ಟಿ ಸಂಖ್ಯೆಯ ಆರನೆಯ ಅಕ್ಷರ ನೋಡಿದರೆ ದರ ತಿಳಿಯುತ್ತದೆ. ಆದರೂ ಪ್ಯಾನ್ ಚಾಲ್ತಿಯಲ್ಲಿದೆಯೇ ಎಂದು ಮೊದಲೇ ಪರೀಕ್ಷಿಸಿ. ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಶೇ 20ರಂತೆ ತಿಂಗಳಿಗೆ 4,800 ಹಿಡಿಯಬೇಕಾಗುತ್ತದೆ, ಮತ್ತು ಹಿಡಿಯದಿದ್ದರೆ ಕೊರತೆಯ ನೋಟಿಸ್ ಬರುವುದು ಸೊಸೈಟಿಗೆ.

ಉಳಿದದ್ದು ಸುಲಭ. ಲಿಫ್ಟ್ ಕಂಪನಿಯ ವಾರ್ಷಿಕ ನಿರ್ವಹಣೆಯ ಬಿಲ್ ಜಿಎಸ್‌ಟಿ ಬಿಟ್ಟು 42,000 ಇದ್ದರೆ ಒಂದೇ ಬಿಲ್ 30,000 ದಾಟಿದ್ದರಿಂದ ಶೇ 2ರಂತೆ 840. ಲೆಕ್ಕ ಪರಿಶೋಧಕರ ಶುಲ್ಕ ಸೆಕ್ಷನ್ 194ಜೆ ಅಡಿ ಬರುತ್ತದೆ. 2025ರ ಏಪ್ರಿಲ್‌ನಿಂದ ಅದರ ಮಿತಿ ವರ್ಷಕ್ಕೆ 50,000 ಆಗಿರುವುದರಿಂದ 15,000ದ ಶುಲ್ಕಕ್ಕೆ ಕಡಿತವಿಲ್ಲ.

ಹಿಡಿದ ಹಣ ಕಟ್ಟಲು ಸೊಸೈಟಿಗೆ ಪ್ಯಾನ್ ಅಲ್ಲದೆ ಟ್ಯಾನ್ ಸಂಖ್ಯೆ ಬೇಕು. ಮುಂದಿನ ತಿಂಗಳ 7ರೊಳಗೆ, ಮಾರ್ಚ್‌ನದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ತ್ರೈಮಾಸಿಕ ವಿವರವನ್ನು 26ಕ್ಯೂ ಫಾರ್ಮ್‌ನಲ್ಲಿ ಸಲ್ಲಿಸಬೇಕು. ಹಣ ಕಟ್ಟಿಯೂ ಫಾರ್ಮ್ ಸಲ್ಲಿಸದ ಸೊಸೈಟಿಗಳೇ ಹೆಚ್ಚು. ಅದು ಬಯಲಾಗುವುದು ಏಜೆನ್ಸಿಯವರು ‘ಸರ್, ನಮ್ಮ 26ಎಎಸ್‌ನಲ್ಲಿ ನಿಮ್ಮ ಕಡಿತ ಕಾಣಿಸ್ತಿಲ್ಲ’ ಎಂದು ಬಂದಾಗ. ತಡಕ್ಕೆ ದಿನಕ್ಕೆ 200 ರೂಪಾಯಿ ಶುಲ್ಕವಿದೆ. ಆದರೆ ಅದು ಆ ತ್ರೈಮಾಸಿಕದ ಕಡಿತದ ಮೊತ್ತವನ್ನು ಮೀರುವುದಿಲ್ಲ. ಏಜೆನ್ಸಿಯದಷ್ಟೇ ಇದ್ದ ತ್ರೈಮಾಸಿಕದಲ್ಲಿ ಕಡಿತ 720 ಆಗಿದ್ದರೆ ಶುಲ್ಕವೂ ಹೆಚ್ಚೆಂದರೆ 720.

ಸೊಸೈಟಿ ಮುಂದೆಂದಾದರೂ ಜಿಎಸ್‌ಟಿ ನೋಂದಣಿ ಪಡೆದರೆ ಇದೇ ಬಿಲ್‌ನ ರೂಪ ಬದಲಾಗುತ್ತದೆ. ಕಂಪನಿಯಲ್ಲದ ಸೆಕ್ಯುರಿಟಿ ಏಜೆನ್ಸಿ ನೋಂದಾಯಿತ ಗ್ರಾಹಕರಿಗೆ ಕಾವಲುಗಾರರನ್ನು ಒದಗಿಸಿದಾಗ, 2019ರ ಜನವರಿ 1ರಿಂದ ತೆರಿಗೆ ಕಟ್ಟುವ ಹೊಣೆ ಗ್ರಾಹಕರದು. ಏಜೆನ್ಸಿ 24,000ಕ್ಕಷ್ಟೇ ಬಿಲ್ ಕೊಡುತ್ತದೆ. 4,320ನ್ನು ಸೊಸೈಟಿಯೇ ನೇರವಾಗಿ ಸರ್ಕಾರಕ್ಕೆ ನಗದಾಗಿ ಕಟ್ಟಬೇಕು, ಹೂಡುವಳಿ ತೆರಿಗೆ ಜಮೆಯಿಂದ ಸರಿದೂಗಿಸುವಂತಿಲ್ಲ. ಟಿಡಿಎಸ್ ಆಗಲೂ 240 ರೂಪಾಯಿಯೇ.