ಸ್ಕ್ರೀನ್‌ಶಾಟ್‌ನಲ್ಲಿರೋ ಯಾವ ನಂಬರ್ ಬ್ಯಾಂಕಿಗೆ ಬೇಕು?

ಮಂಡ್ಯದಲ್ಲಿ ಬ್ಯಾಂಕ್ ದೂರುಗಳನ್ನೇ ನೋಡಿಕೊಳ್ಳುತ್ತಿದ್ದವನು ನಾನು. ಹಣ ಕಟ್ ಆಗಿ ತಲುಪದೇ ಇದ್ದಾಗ ಜನ ಸ್ಕ್ರೀನ್‌ಶಾಟ್ ತಂದು ತೋರಿಸುತ್ತಾರೆ. ಆದರೆ ಅದರಲ್ಲಿ ದೊಡ್ಡದಾಗಿ ಕಾಣುವ 'ವಿಫಲವಾಗಿದೆ' ಅನ್ನೋ ಸಾಲಿನಿಂದ ನಮಗೆ ಏನೂ ಹುಡುಕೋಕಾಗಲ್ಲ. ಬೇಕಿರೋದು ಕೆಳಗೆ ಸಣ್ಣದಾಗಿರುವ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ. ಆ್ಯಪ್ ತಾನೇ ಕೊಡುವ, ಅಕ್ಷರ ಅಂಕಿ ಬೆರೆತ ಉದ್ದನೆಯ ನಂಬರ್ ಬೇರೆ, ಅದು ಬ್ಯಾಂಕಿನ ಲೆಕ್ಕದಲ್ಲಿ ಸಿಗುವುದಿಲ್ಲ.

ಒಬ್ಬ ರೈತರ ವಿಷಯ ಹೇಳ್ತೀನಿ. 2025ರ ಮಾರ್ಚ್ 4ರಂದು ಗೊಬ್ಬರದ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ₹3,450 ಕಳಿಸಿದರು. ವಿಫಲ ಅಂತ ಬಂತು, ಅಂಗಡಿಯವರು ಕಾಯುತ್ತಿದ್ದರು, ಸರಿ ಅಂತ ಇನ್ನೊಂದು ಸಲ ಕಳಿಸಿದರು, ಅದು ಹೋಯಿತು. ಮನೆಗೆ ಬಂದು ನೋಡಿದರೆ ಖಾತೆಯಿಂದ ಎರಡು ಸಲ ಕಟ್ ಆಗಿದೆ. ಎರಡೇ ದಿನಕ್ಕೆ ದೂರು ಕೊಟ್ಟರು, 'ಹಣ ತಲುಪಿದೆ' ಅಂತ ಬ್ಯಾಂಕ್ ದೂರು ಮುಚ್ಚಿತು. ಹತ್ತನೇ ತಾರೀಖು ನನ್ನ ಹತ್ತಿರ ಬಂದಾಗ ಅವರಿಗೆ ತುಂಬಾ ಬೇಜಾರಾಗಿತ್ತು.

ಪಾಸ್‌ಬುಕ್ ಪಕ್ಕದಲ್ಲಿಟ್ಟು ನೋಡಿದೆವು. ಅವರು ಬರೆದಿದ್ದು ಎರಡನೇ ಸಲದ, ಅಂದರೆ ಸರಿಯಾಗಿ ಹೋದ ಪಾವತಿಯ ನಂಬರ್! ಬ್ಯಾಂಕ್ ಸುಳ್ಳು ಹೇಳಿರಲಿಲ್ಲ. ಎರಡೂ ನಂಬರ್ 5063 ಅಂತಲೇ ಶುರುವಾಗುತ್ತಿದ್ದವು, ಗೊಂದಲ ಆಗೋದು ಸಹಜ ಅಲ್ವಾ. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನೋದು. ಮಾರ್ಚ್ 4 ಅಂದರೆ 63ನೇ ದಿನ. ಹಾಗಾಗಿ ಒಂದೇ ದಿನದ ಪಾವತಿಗಳಲ್ಲಿ ಕೊನೆಯ ಎಂಟು ಅಂಕಿಗಳನ್ನೇ ಹೊಂದಿಸಿ ನೋಡಬೇಕು.

ಮತ್ತೆ ಹೀಗೆ ಬರೆಸಿದೆ: 'ಈ ದಿನ, ಈ ಸಮಯಕ್ಕೆ, ಈ ಸಂಖ್ಯೆಯ ಪಾವತಿಯಲ್ಲಿ ₹3,450 ಕಡಿತವಾಗಿದೆ, ಅಂಗಡಿಗೆ ತಲುಪಿಲ್ಲ, ವಾಪಸ್ ಬಂದಿಲ್ಲ. ಎರಡನೇ ಪಾವತಿ ಬೇರೆ, ಅದರ ಬಗ್ಗೆ ದೂರಿಲ್ಲ.' ಕತ್ತರಿಸದ ಪೂರ್ತಿ ಸ್ಕ್ರೀನ್‌ಶಾಟ್ ಜೊತೆಗೆ ಪಾಸ್‌ಬುಕ್ ಪುಟವನ್ನೂ ಲಗತ್ತಿಸಿದೆವು. ಕಟ್ ಆಗಿದ್ದಕ್ಕೆ ನಿಜವಾದ ಸಾಕ್ಷಿ ಆ ಪುಟವೇ. ದೂರು ಕೊಡಬೇಕಾದ್ದು ನಿಮ್ಮ ಹಣ ಕಟ್ ಆದ ಬ್ಯಾಂಕಿಗೆ, ಇಲ್ಲವೇ ಆ್ಯಪ್‌ನಲ್ಲಿ ಅದೇ ಪಾವತಿಯನ್ನು ತೆರೆದು ಅಲ್ಲಿಂದಲೇ. ಇಂಟರ್ನೆಟ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ.

ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಅಂಗಡಿಗೆ ಕೊಟ್ಟ ಯುಪಿಐ ಹಣ ಹೀಗೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ವ್ಯಕ್ತಿಯ ಖಾತೆಗೆ ಕಳಿಸಿದ್ದಾದರೆ ಮರುದಿನದೊಳಗೆ. ತಡವಾದರೆ ದಿನಕ್ಕೆ ₹100 ಪರಿಹಾರ, ಅದನ್ನು ಗ್ರಾಹಕ ಕೇಳದೆಯೇ ಕೊಡಬೇಕು. ಇವರಿಗೆ ಗಡುವು ಮಾರ್ಚ್ 9 ಇತ್ತು, ಹಣ ಬಂದಿದ್ದು 13ಕ್ಕೆ. ನಾಲ್ಕು ದಿನದ ₹400 ಮಾತ್ರ ಬರಲಿಲ್ಲ. ಅದಕ್ಕೆ ಇನ್ನೊಂದು ಅರ್ಜಿ ಬರೆದೆವು. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗೋಣ ಅಂದುಕೊಂಡಿದ್ದೆವು, ಅಷ್ಟರಲ್ಲಿ ದುಡ್ಡು ಜಮಾ ಆಯಿತು.